ಪೇಟದ ಇನ್ನೊಂದು ತುದಿ

ಮೊನ್ನೆ ಭಾನುವಾರ ಕುಕ್ಕರಿನ ಗ್ಯಾಸ್ಕೆಟ್ ಕೈಕೊಟ್ಟಿತು. ಅಂಗಡಿಗೆ ಹೋಗಲು ಸೋಮಾರಿತನವಾಗಿ, ಎಷ್ಟೋ ವರ್ಷಗಳ ನಂತರ ಪಾತ್ರೆಯಲ್ಲೇ ಅನ್ನಕ್ಕಿಟ್ಟು ಗಂಜಿ ಬಸಿದೆ. ಬಿಸಿ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಒಂದು ಬಟ್ಟಲು ಹುಡುಕಿತು. ಬಟ್ಟಲು ತುಂಬಿಸಿಕೊಂಡು ಬಾಗಿಲ ತನಕ ಹೋದೆ. ಪಕ್ಕದ ಮನೆಯಲ್ಲಿ ಗಂಜಿ ಬೇಕಾದವರು ಈಗ ಯಾರೂ ಇಲ್ಲ ಎಂಬುದು ಆಮೇಲೆ ನೆನಪಾಯಿತು...

ಸಿಂಗಪುರದ ಬಿಶಾನ್‌ನ ಈ ಬ್ಲಾಕಿಗೆ ನಾನು ಬಂದ ಹೊಸತು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳ ನಡುವೆ ಕೂದಲು ನರೆಸಿಕೊಂಡಿದ್ದವಳು, ಕಾಕಿ ಬುಕಿತ್‌ನ ಒಂದು ಸಣ್ಣ ಫ್ಯಾಕ್ಟರಿಗೆ ಸೂಪರ್‌ವೈಸರ್ ಆಗಿ ಬಂದಿದ್ದೆ. ಮನೆಯಲ್ಲಿ ಇನ್ನೂ ಕುಕ್ಕರ್ ಇರಲಿಲ್ಲ. ಒಂದು ಬೆಳಿಗ್ಗೆ ಬಸಿದ ಗಂಜಿಯನ್ನು ಸಿಂಕಿಗೆ ಸುರಿಯುತ್ತಿದ್ದಾಗ ಕಾರಿಡಾರಿನ ಕಿಟಕಿಯಲ್ಲಿ ಒಂದು ಬಿಳಿಗಡ್ಡ ಕಾಣಿಸಿತು.

"ಅಯ್ಯೋ ಬೇಟಿ, ಚೆಲ್ಲಬೇಡ ಲಾ! ಪೇಟಕ್ಕೆ ಅಂಗಡಿ ಸ್ಪ್ರೇ ಎಲ್ಲಾ ಯೂಸ್‌ಲೆಸ್. ಆ ಗಂಜಿ ನನಗೆ ಕೊಡು."

ಪಕ್ಕದ ಮನೆಯ ಸರ್ದಾರ್ ಅಂಕಲ್ ಪರಿಚಯವಾದದ್ದು ಹೀಗೆ. ಬಸ್ ಡಿಪೋದಲ್ಲಿ ದುಡಿದು ರಿಟೈರ್ ಆದವರು, ಎಂಬತ್ತರ ಹತ್ತಿರದ ವಯಸ್ಸು. ನಮ್ಮಿಬ್ಬರ ಮಾತು ಹಿಂದಿ, ಇಂಗ್ಲಿಷು, ಸಿಂಗಪುರದ ಒಗ್ಗರಣೆ ಎಲ್ಲ ಸೇರಿದ ಚಿತ್ರಾನ್ನ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಗಂಜಿ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಗಂಜಿ ಹಾಕಿ ಒಣಗಿಸಿದ ಪೇಟದ ಬಟ್ಟೆಯನ್ನು ಸುತ್ತುವ ಮೊದಲು ಇಬ್ಬರು ಎರಡು ತುದಿ ಹಿಡಿದು, ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಿಸಬೇಕು. ಅದು ಅವರ ಹೆಂಡತಿಯ ಕೆಲಸವಾಗಿತ್ತಂತೆ. ಆಕೆ ತೀರಿಕೊಂಡ ಮೇಲೆ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಒದ್ದಾಡುತ್ತಿದ್ದರು. ನೋಡಲಾರದೆ ನಾನೇ ಹೋಗಿ ತುದಿ ಹಿಡಿದೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ, ಅವರು ಗುರುದ್ವಾರಕ್ಕೆ ಹೊರಡುವ ಮುನ್ನ, ಕಾರಿಡಾರಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಊರು ಬಿಟ್ಟು ಬಂದ ಹೊಸತರಲ್ಲಿ, ವಾರಕ್ಕೊಮ್ಮೆ ಯಾರಿಗೋ ನಾನು ಬೇಕಾಗಿದ್ದೇನೆ ಎನ್ನುವುದೇ ನನಗೆ ಎಷ್ಟೋ ಆಗಿತ್ತು.

ಬಟ್ಟೆ ಮಡಿಸುತ್ತಾ ಅವರು ತಮ್ಮ ಅಪ್ಪನ ಕಥೆ ಹೇಳುತ್ತಿದ್ದರು. ಅಪ್ಪ ಬ್ರಿಟಿಷರ ಕಾಲದ ಒಂದು ಪಂಜಾಬಿ ಪಲ್ಟನ್ನಿನಲ್ಲಿ ಜಮಾದಾರ್. ಬಿಳಿಯ ಅಧಿಕಾರಿಗಳಿಗೂ ನಮ್ಮ ಸಿಪಾಯಿಗಳಿಗೂ ನಡುವೆ ನಿಲ್ಲುತ್ತಿದ್ದ ದೇಶೀ ಅಧಿಕಾರಿಗಳಲ್ಲಿ ಅದು ಮೊದಲ ಮೆಟ್ಟಿಲು. ಪೇಟ ಸುತ್ತುವ ರೀತಿಯಲ್ಲೇ ಯಾವ ಪಲ್ಟನ್ನಿನವನು ಎಂದು ಹೇಳಬಹುದಿತ್ತಂತೆ. ಒಂದರದ್ದು ಒಂದು ಬಣ್ಣದ ಅಂಚು, ಇನ್ನೊಂದರದ್ದು ನೆತ್ತಿಯ ಮೇಲೆ ನಿಲ್ಲುವ ಗರಿ. ಹಬ್ಬದ ದಿನ ಅಂಕಲ್ ಕೂಡ ಅಪ್ಪನ ಹಾಗೆ ತುದಿಯನ್ನು ಗರಿಗರಿಯಾಗಿ ನಿಲ್ಲಿಸಿಕೊಂಡು, ಲಿಫ್ಟಿನ ಸ್ಟೀಲ್ ಬಾಗಿಲಲ್ಲಿ ಮುಖ ನೋಡಿಕೊಳ್ಳುತ್ತಿದ್ದರು.

"ನಿಮ್ಮ ಕಡೆಯವರನ್ನ ಸರ್ಕಾರ ಪಲ್ಟನ್ ಭರ್ತಿ ಲಿಸ್ಟಿಂದಲೇ ತೆಗೆದುಹಾಕಿತ್ತು, ಗೊತ್ತಾ?" ಎಂದು ನನ್ನನ್ನು ಕೆಣಕುವುದು ಅವರಿಗೆ ಬಲು ಇಷ್ಟ. "ಮದ್ರಾಸ್ ಕಡೆಯವರು ಫೈಟ್ ಮಾಡಲ್ಲ, ಅನ್ನ ತಿಂದು ಮಲಗ್ತಾರೆ ಅಂತ."

"ಮೈಸೂರಿನವರ ಜೊತೆ ನಾಲ್ಕು ಸಲ ಯುದ್ಧ ಮಾಡುವಾಗ ಅದು ಗೊತ್ತಾಗ್ಲಿಲ್ವಂತಾ ನಿಮ್ಮ ಸರ್ಕಾರಕ್ಕೆ?" ಎಂದು ನಾನು ಬಟ್ಟೆಯನ್ನು ಜೋರಾಗಿ ಜಗ್ಗುತ್ತಿದ್ದೆ.

ಅವರು ಹೊಟ್ಟೆ ಕುಣಿಸಿ ನಗುತ್ತಿದ್ದರು. ಆ ಲಿಸ್ಟಿನ ಬಗ್ಗೆ ಅವರಿಗೆ ಭ್ರಮೆಯೇನೂ ಇರಲಿಲ್ಲ. ಹದಿನೆಂಟುನೂರ ಐವತ್ತೇಳರ ದಂಗೆಯಲ್ಲಿ ಅವಧ್ ಕಡೆಯ ಸಿಪಾಯಿಗಳು ತಿರುಗಿಬಿದ್ದರು, ಪಂಜಾಬಿನವರು ಸರ್ಕಾರದ ಕಡೆ ನಿಂತರು. ಕಾಲಕ್ರಮೇಣ ನಂಬಿಕಸ್ಥರಾದವರೇ 'ವೀರ ಜಾತಿ'ಗಳೂ ಆಗಿಬಿಟ್ಟರು. ಯಾವ ಜಾತಿ, ಯಾವ ಜಿಲ್ಲೆಯ ಹುಡುಗ ಒಳ್ಳೆಯ ಸಿಪಾಯಿ ಎಂದು, ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ, ಕೈಪಿಡಿಗಳನ್ನೇ ಬರೆದಿಟ್ಟಿದ್ದರಂತೆ. ಒಂದು ಪಲ್ಟನ್ನಿನಲ್ಲಿ ಸಿಖ್ಖರದ್ದೊಂದು ಕಂಪನಿ, ಪಂಜಾಬಿ ಮುಸಲ್ಮಾನರದ್ದೊಂದು, ಡೋಗ್ರಾಗಳದ್ದೊಂದು. ಅಡುಗೆಮನೆ ಬೇರೆ, ಪ್ರಮಾಣ ಮಾಡುವ ಗ್ರಂಥ ಬೇರೆ. ಒಂದು ಕಂಪನಿ ಮುನಿಸಿಕೊಂಡರೆ ಪಕ್ಕದ್ದಕ್ಕೆ ಅದು ಅಂಟಬಾರದು ಎಂಬ ಲೆಕ್ಕಾಚಾರ. ಅದೇ ಹೊತ್ತಿಗೆ ಪಲ್ಟನ್ನಿನ ಹೆಸರಿಗೆ ಮಸಿ ಬಳಿಯುವ ಧೈರ್ಯ ಯಾವ ಕಂಪನಿಗೂ ಇರಲಿಲ್ಲ.

"ನಮ್ಮಪ್ಪ ಊರಲ್ಲಿದ್ದಾಗ ಅಷ್ಟೇನೂ ದೊಡ್ಡ ಸಿಖ್ ಅಲ್ಲ. ಭರ್ತಿ ಆದ ಮೇಲೆ ಪಲ್ಟನ್ನೇ ಅಮೃತ ಕುಡಿಸಿ ದೀಕ್ಷೆ ಕೊಟ್ಟು, ಕೂದಲು ಬಿಡಿಸಿ, ಪಕ್ಕಾ ಮಾಡಿತು. ಬಿಳಿ ಸಾಹೇಬ ನಿಂತುಕೊಂಡು ಧರ್ಮ ಕಲಿಸಿದ!" ಎಂದು ಗಡ್ಡ ನೀವಿಕೊಳ್ಳುತ್ತಿದ್ದರು.

ಭರ್ತಿಯ ರೀತಿಯೂ ವಿಚಿತ್ರ. ಆಫೀಸು ತೆರೆದು ಅರ್ಜಿ ಕರೆಯುವುದಕ್ಕಿಂತ ಹೆಚ್ಚಾಗಿ, ರಜೆಗೆ ಹೋದ ಸಿಪಾಯಿಯೇ ಊರಿನ ಹುಡುಗರನ್ನು ಕರೆತರುತ್ತಿದ್ದ. ತಮ್ಮ, ಭಾವಮೈದುನ, ಪಕ್ಕದ ಹೊಲದವನ ಮಗ. 'ನೀನು ಯಾರ ಕಡೆಯವನು?' ಎಂಬುದೇ ಹೊಸಬನಿಗೆ ಮೊದಲ ಪ್ರಶ್ನೆ. ಸಂಬಳ, ಪಿಂಚಣಿ, ಅದೃಷ್ಟವಿದ್ದರೆ ಕಾಲುವೆ ಕೆಳಗೆ ಒಂದು ತುಂಡು ಭೂಮಿ... ಸಾಲದ ಮನೆಗಳಿಗೆ ಇದು ದೊಡ್ಡ ಆಸೆ. ಆದರೆ ಗುಂಡಿನ ಎದುರು ಹುಡುಗರನ್ನು ನಿಲ್ಲಿಸುತ್ತಿದ್ದದ್ದು ರಾಜನ ಮೇಲಿನ ಭಕ್ತಿಯಲ್ಲ ಎನ್ನುತ್ತಿದ್ದರು ಅಂಕಲ್. ಎಡಕ್ಕೆ ಚಿಕ್ಕಪ್ಪನ ಮಗ, ಬಲಕ್ಕೆ ಊರಿನ ಗೆಳೆಯ ನಿಂತಿರುವಾಗ ಓಡಿ ಹೋಗುವುದೆಲ್ಲಿಗೆ? ಸುದ್ದಿ ಅವನಿಗಿಂತ ಮೊದಲು ಅಮ್ಮನಿಗೆ ಮುಟ್ಟುತ್ತದೆ. ಇಜ್ಜತ್ ಎಂದರೆ ಅದು.

ಕೇಳಿ ನಾನು ನಕ್ಕೆ. ಆಗಷ್ಟೇ ನಮ್ಮ ಫ್ಯಾಕ್ಟರಿಗೆ ಪೀಣ್ಯದಿಂದ ನಾಲ್ಕು ಹುಡುಗರನ್ನು ನಾನೇ ರೆಫರ್ ಮಾಡಿ ಕರೆಸಿದ್ದೆ. ಡಿಪ್ಲೊಮಾ ಓದಿದವರು, ಯಂತ್ರದ ಮುಂದೆ ಚಿನ್ನದಂಥ ಕೈ. ಒಬ್ಬ ಹಿಂದೆ ನನ್ನ ಕೈಕೆಳಗೆ ದುಡಿದವನು, ಇಬ್ಬರು ಅವನ ಗೆಳೆಯರು, ಎಲ್ಲರಿಗಿಂತ ಕಿರಿಯವನು ಅವನ ದೊಡ್ಡಮ್ಮನ ಮಗ, ತುಮಕೂರಿನವನು. ಹೊರಡುವ ಮೊದಲು ಕಿರಿಯವನ ತಾಯಿ ಫೋನಿನಲ್ಲಿ, "ನಿಮ್ಮನ್ನ ನೋಡ್ಕೊಂಡು ಕಳಿಸ್ತಿದೀನಿ ಮೇಡಂ, ಆ ದೇಶ ನಂಗೇನ್ ಗೊತ್ತು?" ಎಂದಿದ್ದರು. ಅದನ್ನು ಹೇಳಿದಾಗ ಅಂಕಲ್ ಮಾತ್ರ ನಗಲಿಲ್ಲ.

"ಹಾಗಾದ್ರೆ ನೀನೂ ಜಮಾದಾರ್" ಎಂದರು.

ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ಓನರ್ ಕಾಕಿ ಬುಕಿತ್‌ನ ಶೆಡ್ ಮುಚ್ಚಿ ಗಡಿಯಾಚೆ ಮಲೇಷ್ಯಾದ ಜೋಹೋರಿಗೆ ಶಿಫ್ಟ್ ಆಗುವುದೆಂದು ತೀರ್ಮಾನಿಸಿದರು. ನನಗೆ ಅಲ್ಲಿ ಮ್ಯಾನೇಜರ್ ಹುದ್ದೆ, ತಕ್ಷಣ ಬಂದರೆ. ಹುಡುಗರಿಗೆ ಅಲ್ಲಿ ಜಾಗವಿಲ್ಲ. ಕೆಲಸ ಹೋದರೆ ವರ್ಕ್ ಪಾಸ್ ಕ್ಯಾನ್ಸಲ್, ಹೊಸ ಕಂಪನಿ ಬೇಗ ಅರ್ಜಿ ಹಾಕದಿದ್ದರೆ ವಾಪಸ್ ವಿಮಾನ. ಆ ಭಾನುವಾರ ಪೇಟದ ತುದಿ ಹಿಡಿದುಕೊಂಡೇ ನಾನು ಸಮರ್ಥನೆ ಶುರು ಮಾಡಿದೆ. ಕಂಪನಿಯ ನಿರ್ಧಾರ, ನಾನೇನು ಮಾಡಲಿ, ಅವರೇನು ಚಿಕ್ಕ ಮಕ್ಕಳಾ...

ಅಂಕಲ್ ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಅಷ್ಟು ದಿನ ಹೇಳದೆ ಉಳಿಸಿಕೊಂಡಿದ್ದ ಭಾಗವನ್ನು ಹೇಳಿದರು.

ನಲವತ್ತೆರಡರಲ್ಲಿ ಸಿಂಗಪುರ ಜಪಾನಿಯರ ಕೈಗೆ ಬೀಳುವ ಹೊತ್ತಿಗೆ, ಇಲ್ಲಿ ಕಾದುತ್ತಿದ್ದ ಅಪ್ಪನ ಪಲ್ಟನ್ನು ಮೊದಲಿನದಾಗಿ ಉಳಿದಿರಲಿಲ್ಲವಂತೆ. ಹೊಸ ಪಲ್ಟನ್‌ಗಳನ್ನು ಕಟ್ಟಲು ಹಳೆಯ ಅಧಿಕಾರಿಗಳನ್ನು, ನುರಿತ ಹವಾಲ್ದಾರರನ್ನು ಕಿತ್ತುಕೊಂಡು ಹೋಗಿದ್ದರು. ಬಂದ ಹೊಸ ಸಾಹೇಬರಿಗೆ ಸಿಪಾಯಿಗಳ ಭಾಷೆ ಬಾರದು. ಶರಣಾದ ಮೇಲೆ ಬಿಳಿಯರನ್ನು ಒಂದು ಕಡೆ ಕಳಿಸಿ, ಹಿಂದುಸ್ತಾನಿ ಸಿಪಾಯಿಗಳನ್ನು ಮೈದಾನದಲ್ಲಿ ಕೂರಿಸಿ ಜಪಾನಿಯರಿಗೆ ಒಪ್ಪಿಸಿಬಿಟ್ಟರು. ಮಾಯಿಬಾಪ್ ಎಂದುಕೊಂಡಿದ್ದವರು ಹೊರಟುಹೋದರು. ಅದೇ ಮೈದಾನದಲ್ಲಿ ಕರೆ ಬಂತು, ಬ್ರಿಟಿಷರ ವಿರುದ್ಧ, ದೇಶದ ಬಿಡುಗಡೆಗೆ ಹೊಸ ಸೈನ್ಯ ಸೇರಿ ಎಂದು.

"ನಮ್ಮಪ್ಪನಿಗೆ ದೊಡ್ಡ ರ‍್ಯಾಂಕ್ ಕೊಡ್ತೀವಿ ಅಂದ್ರು. ಅಪ್ಪ ಊರಿಂದ ತಂದ ಹುಡುಗರಲ್ಲಿ ಅರ್ಧ ಜನ ಸೇರಿದ್ರು, ಅರ್ಧ ಜನ ಸರ್ಕಾರದ ಉಪ್ಪು ತಿಂದಿದೀವಿ, ಆಗಲ್ಲ ಅಂದ್ರು. ಎರಡೂ ಕಡೆಯವರು ಅಪ್ಪನ ಮುಖ ನೋಡಿದ್ರು."

"ಅವರೇನ್ ಮಾಡಿದ್ರು ಅಂಕಲ್?"

"ಸೇರಿದವರಿಗೆ ಊಟ, ಬಂದೂಕು, ನಾಯಕರು ಎಲ್ಲಾ ಇದೆ. ಬೇಡ ಅಂದವರಿಗೆ ಯಾರೂ ಇಲ್ಲ ಅಂದ್ರು. ಅವರ ಜೊತೆ ಹೋದ್ರು."

ಬೇಡವೆಂದವರನ್ನು ಹಡಗಿಗೆ ತುಂಬಿ ನ್ಯೂಗಿನಿಯ ಕಡೆಯ ದ್ವೀಪಗಳಿಗೆ ಕೂಲಿಗೆ ಒಯ್ದರು. ಹಸಿವು, ಜ್ವರ... ತಿರುಗಿ ಬಂದವರು ಕೆಲವೇ ಮಂದಿ. ಯುದ್ಧ ಮುಗಿದು ಅಪ್ಪ ಊರಿಗೆ ಹೋದಾಗ ತನ್ನ ಮನೆಗೆ ಮೊದಲು ಕಾಲಿಡಲಿಲ್ಲ. ಕರೆದೊಯ್ದ ಪ್ರತಿಯೊಬ್ಬನ ಮನೆ ಬಾಗಿಲಿಗೆ ಹೋಗಿ, ಪೇಟ ತೆಗೆದು ಕೈಯಲ್ಲಿ ಹಿಡಿದು, ಸುದ್ದಿ ಹೇಳಿದರು. ಹೊಸ ಸೈನ್ಯ ಸೇರಿದ್ದವರ ಮನೆಗಳಿಗೂ ಹೋದರು. ಅವರೂ ತಾನು ತಂದವರೇ. ಮನೆಯಂಗಳದಲ್ಲಿ ಹೆಂಡತಿ, ಪುಟ್ಟ ಮಗ ಸಂಜೆಯವರೆಗೂ ಕಾಯುತ್ತಾ ನಿಂತಿದ್ದರು. ಆ ಪುಟ್ಟ ಮಗ ಈಗ ನನ್ನೆದುರು ಪೇಟದ ತುದಿ ಹಿಡಿದು ನಿಂತಿದ್ದರು. ಆಮೇಲೆ ಅಪ್ಪ ಹೆಂಡತಿ ಮಗನನ್ನು ಕಟ್ಟಿಕೊಂಡು ಸಿಂಗಪುರಕ್ಕೇ ಬಂದು, ಗೋದಾಮಿನ ಕಾವಲುಗಾರರಾಗಿ ಬಾಳು ಮುಗಿಸಿದರಂತೆ.

"ರಾಜ ಹೋದ, ಪಲ್ಟನ್ ಹೋಯ್ತು. ಕರ‍್ಕೊಂಡು ಬಂದಿದ್ದು ಮಾತ್ರ ಹೋಗಲ್ಲ ಲಾ" ಎಂದು ಅಂಕಲ್ ಬಟ್ಟೆಯ ಮಡಿಕೆ ಸರಿಮಾಡಿದರು.

ಮರುದಿನ ಓನರ್ ಬಳಿ ಸಮಯ ಕೇಳಿದೆ. ಕೊಡಲಿಲ್ಲ, ಹುದ್ದೆ ಬೇರೆಯವರ ಪಾಲಾಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಊಟದ ಬಿಡುವಿನಲ್ಲಿ, ಶಿಫ್ಟ್ ಮುಗಿದ ಮೇಲೆ, ಕಾಕಿ ಬುಕಿತ್‌ನ ಶೆಡ್ಡು ಶೆಡ್ಡಿಗೂ ಹುಡುಗರು ಮಾಡಿದ ಬಿಡಿಭಾಗಗಳನ್ನು ಬ್ಯಾಗಿನಲ್ಲಿ ಹಾಕಿಕೊಂಡು ಅಲೆದೆ. ಒಬ್ಬ ಮುದುಕ ಟೌಕೆ, ಶೆಡ್ಡಿನ ಮಾಲೀಕ, ಬಿಡಿಭಾಗವನ್ನು ಬೆಳಕಿಗೆ ಹಿಡಿದು ನೋಡಿ ಇಬ್ಬರನ್ನು ತೆಗೆದುಕೊಂಡ, ಜೊತೆಗೆ ನನ್ನನ್ನೂ. ಇನ್ನೊಬ್ಬನಿಗೆ ಎದುರಿನ ರಸ್ತೆಯಲ್ಲಿ ಸಿಕ್ಕಿತು. ಕಿರಿಯವನಿಗೆ ಮಾತ್ರ ಎಲ್ಲೂ ಆಗಲಿಲ್ಲ.

"ಬಿಡಿ ಅಕ್ಕ, ನೀವ್ ಟ್ರೈ ಮಾಡಿದ್ರಲ್ಲ, ಸಾಕು" ಎಂದ. ಕಣ್ಣು ಕೆಂಪಾಗಿತ್ತು.

ರಜೆ ಹಾಕಿ ಅವನ ಜೊತೆ ವಿಮಾನ ಹತ್ತಿದೆ. ಬೆಂಗಳೂರಿನಲ್ಲಿ ಇಳಿದು, ರಾಜಾಜಿನಗರದಲ್ಲಿ ನನ್ನಮ್ಮ ಕಾಯುತ್ತಿದ್ದರೂ, ಸೂಟ್‌ಕೇಸ್ ಸಮೇತ ತುಮಕೂರಿಗೆ ಹೋದೆ. ಬಾಗಿಲಲ್ಲಿ ಅವನ ತಾಯಿ ಇಬ್ಬರನ್ನೂ ನೋಡಿ ಗಾಬರಿಯಾದರು. ಇವನದೇನೂ ತಪ್ಪಿಲ್ಲ, ಕೆಲಸ ಉಳಿಸಲು ನನ್ನಿಂದಾಗಲಿಲ್ಲ ಎಂದು ನಿಂತಲ್ಲೇ ಹೇಳಿದೆ. ಆಕೆ ಬೈಯುತ್ತಾರೆ ಎಂದುಕೊಂಡಿದ್ದೆ.

"ಹೇಳಕ್ಕೆ ನೀವೇ ಬಂದ್ರಲ್ಲಮ್ಮ. ಒಳಗ್ ಬನ್ನಿ, ಊಟ ಮಾಡಿ" ಎಂದರು. ಆ ಊಟದ ರುಚಿ ಇನ್ನೂ ನಾಲಿಗೆಯಲ್ಲಿದೆ.

ತಿರುಗಿ ಬಂದು ಅಂಕಲ್‌ಗೆ ಎಲ್ಲವನ್ನೂ ಹೇಳಿದೆ. ಅವರು ಪೇಟದ ತುದಿಯನ್ನು ನನ್ನ ಕೈಗೆ ಕೊಡುತ್ತಾ, "ನಿಮ್ಮ ಕಡೆಯವರನ್ನ ಲಿಸ್ಟಿಂದ ತೆಗೆದದ್ದು ಸರ್ಕಾರದ ಮಿಸ್ಟೇಕ್" ಎಂದರು. ನನಗೆ ಇದುವರೆಗೆ ಸಿಕ್ಕ ಯಾವ ಪ್ರಮೋಷನ್ನೂ ಅದಕ್ಕೆ ಸಮನಲ್ಲ.

ಅವರು ಹೋಗಿ ಈಗ ಕೆಲವು ವರ್ಷಗಳಾದವು. ಕೊನೆಯ ದಿನ ಅವರ ತಲೆಗೆ ಸುತ್ತುವ ಪೇಟವನ್ನು ಮಡಿಸುವಾಗ ಅವರ ಮಗಳು ಒಂದು ತುದಿ ನನ್ನ ಕೈಗೆ ಕೊಟ್ಟಳು. ಎಷ್ಟು ಬಿಗಿಯಾಗಿ ಎಳೆಯಬೇಕೆಂದು ಕೈಗೆ ಗೊತ್ತಿತ್ತು. ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ.

ಮೊನ್ನೆ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಫೋನ್ ಬಂತು. ತುಮಕೂರಿನ ಹುಡುಗನದು. ಈಗ ಅಲ್ಲೇ ಒಳ್ಳೆಯ ಕೆಲಸದಲ್ಲಿದ್ದಾನೆ. "ಅಕ್ಕ, ನಮ್ಮ ಚಿಕ್ಕಪ್ಪನ ಮಗನದು ಡಿಪ್ಲೊಮಾ ಮುಗೀತು. ನಿಮ್ ಹತ್ರಾನೇ ಕಳಿಸ್ಬೇಕು ಅಂತ ಅಮ್ಮ ಹಠ ಹಿಡಿದಿದಾರೆ."

"ಕಳಿಸು. ಮೊದಲು ಅವನ ಅಮ್ಮನ ಹತ್ರ ನಾನು ಮಾತಾಡ್ಬೇಕು" ಎಂದೆ.

ಫೋನ್ ಇಟ್ಟ ಕೂಡಲೇ, ಈ ಸುದ್ದಿ ಹೇಳಲು ಪಕ್ಕದ ಬಾಗಿಲ ಕಡೆ ತಿರುಗಿದೆ. ಅಲ್ಲಿ ಈಗ ಬೇರೆ ಯಾರದೋ ಚಪ್ಪಲಿಗಳಿವೆ. ಬಟ್ಟಲಿನ ಗಂಜಿ ಆರಿ ಕೆನೆಗಟ್ಟಿತ್ತು. ಸಿಂಕಿಗೆ ಸುರಿಯಲು ಮನಸ್ಸಾಗದೆ, ನನ್ನದೇ ಒಂದು ಹತ್ತಿ ಸೀರೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಕಾರಿಡಾರಿನಲ್ಲಿ ಹರವಿದೆ. ಒಣಗಿದ ಮೇಲೆ ಮಡಿಸಲು ಹೋದರೆ ಒಬ್ಬಳ ಕೈಗೆ ಅದು ಬಗ್ಗಲಿಲ್ಲ. ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿದೆ.