ಚೆನ್ನಾಗಿದ್ದೀನಿ ಅಂದಮೇಲೆ

ನಮ್ಮ ಭಾವ ಮನೆ ಮುಂದಿನ ಅಂಗಡಿಯಲ್ಲಿ ಹೊಲಿಗೆ ಮಷೀನ್ ರಿಪೇರಿ ಮಾಡುವವರು. ಕೆಟ್ಟ ಮಷೀನಿನ ಮುಂದೆ ಕೂತರೆ ಊಟ ನಿದ್ದೆ ಬೇಡ. ಮನುಷ್ಯರ ಮುಂದೆ ಕೂತರೆ ಬಾಯಿಗೆ ಬೀಗ. 'ಹೇಗಿದ್ದೀರಿ?' ಎಂದರೆ 'ಚೆನ್ನಾಗಿದ್ದೀನಿ'. ಮುಗಿಯಿತು. ಕೇಳಿದವರು ಪಾಪ, ಗೋಡೆ ನೋಡಬೇಕು.

ಅಕ್ಕ ಇರುವವರೆಗೆ ಹೇಗೋ ನಡೆಯಿತು. ಬೇರೆ ಊರಲ್ಲಿ ಕೆಲಸದಲ್ಲಿರುವ ಮಗಳು ಫೋನ್ ಮಾಡಿದರೆ, ಇವರು ಒಂದು ಮಾತಾಡಿ ಅಕ್ಕನ ಕೈಗೆ ದಾಟಿಸುತ್ತಿದ್ದರು. ಅಕ್ಕ ತೀರಿಕೊಂಡಮೇಲೆ ದಾಟಿಸಲು ಯಾರಿದ್ದಾರೆ? ಮಗಳೂ ಅಪ್ಪನ ಅಚ್ಚೇ. ದಿನಾ ಬರುತ್ತಿದ್ದ ಫೋನ್ ವಾರಕ್ಕೊಮ್ಮೆ ಆಯಿತು, ಆಮೇಲೆ ಅದೂ ತಪ್ಪತೊಡಗಿತು.

"ಅವಳಿಗೆ ನಾನು ಬೇಡವಾದೆ" ಎಂದು ಭಾವ ಒಂದು ದಿನ ಅಂದಾಗ ನನಗೆ ಪಾಪ ಎನಿಸಿತು. ಸಿಟ್ಟೂ ಬಂತು.

"ಅವಳು ಕೇಳ್ತಾಳೆ, ನೀವು ಬಾಗಿಲು ಹಾಕ್ತೀರಿ. 'ಚೆನ್ನಾಗಿದ್ದೀನಿ' ಅಂದ್ಮೇಲೆ ಇವತ್ತಿಂದು ಒಂದು ಸುದ್ದಿ ಸೇರಿಸಿ. ಚಿಕ್ಕದು ಸಾಕು. ಆಮೇಲೆ ಅವಳನ್ನೇನಾದ್ರೂ ಕೇಳಿ" ಎಂದೆ.

ಆ ಭಾನುವಾರ ನಾನು ಅಲ್ಲೇ ಇದ್ದಾಗ ಫೋನ್ ಬಂತು. ಕೈಯೆಲ್ಲ ಎಣ್ಣೆ, ಅದಕ್ಕೆ ಸ್ಪೀಕರ್ ಹಾಕಿದರು.

"ಚೆನ್ನಾಗಿದ್ದೀನಿ. ಇವತ್ತೊಂದು ಮಷೀನ್ ಬಂತು" ಎಂದರು. ಅಲ್ಲಿಗೆ ನಿಲ್ಲಿಸಬೇಕಲ್ಲ. ಶಟಲ್, ಬಾಬಿನ್, ಯಾವ ಸ್ಕ್ರೂ ಯಾವ ಕಡೆ ಸವೆದಿತ್ತು, ಎಲ್ಲ ಒಪ್ಪಿಸಿ, ಉಸಿರು ಎಳೆದುಕೊಂಡು, "ಊಟ ಆಯ್ತಾ?" ಎಂದರು.

"ಆಯ್ತು."

"ಸರಿ, ಇಡ್ಲಾ?"

ಫೋನ್ ಇಟ್ಟಮೇಲೆ ನಾನು ಹಣೆ ಚಚ್ಚಿಕೊಂಡೆ. "ಅವಳೇನು ಮಷೀನ್ ಬಿಚ್ಚಬೇಕಾ? ಒಂದೇ ಮಾತಲ್ಲಿ ಹೇಳಿ. 'ಊಟ ಆಯ್ತಾ' ಅಂದ್ರೆ 'ಆಯ್ತು' ಅಂತಾಳೆ, ಇನ್ನೇನಂತಾಳೆ? ಯಾರ ಜೊತೆ ಮಾಡ್ದೆ ಅಂತ ಕೇಳಿ. ಅವಳು ಹೇಳಿದ್ರಲ್ಲೇ ಒಂದು ಎಳೆ ಹಿಡ್ಕೊಂಡು ಮುಂದಿಂದು ಕೇಳಿ. ಕೇಳಿದ್ಮೇಲೆ ಸುಮ್ನಿರಿ."

"ಸುಮ್ನಿರೋದು ನಂಗೆ ಬರುತ್ತೆ" ಎಂದರು ಭಾವ.

ಮುಂದಿನ ವಾರ ಫೋನ್ ಬರಲಿಲ್ಲ. ಭಾವ ಅಂಗಡಿಯಲ್ಲಿ ಫೋನನ್ನು ಎದುರಿಗೇ ಇಟ್ಟುಕೊಂಡು ಕೂತಿದ್ದರು. ಅದರ ಮುಂದಿನ ವಾರ ಬಂತು, ಮತ್ತೆ ಸ್ಪೀಕರ್ ಹಾಕಿದರು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕಿವಿಯನ್ನು ಅಲ್ಲೇ ಇಟ್ಟೆ.

"ಹೇಗಿದ್ದೀರಪ್ಪ?"

"ಚೆನ್ನಾಗಿದ್ದೀನಿ ಮಗಳೇ. ನಿಮ್ಮಮ್ಮನ ಮಷೀನಿಗೆ ಎಣ್ಣೆ ಹಾಕ್ದೆ. ತುಳಿಯೋರು ಯಾರೂ ಇಲ್ಲ, ಆದ್ರೂ ಹಾಕ್ದೆ. ಸಂಜೆ ಆದ್ರೆ ಬೇಜಾರು. ನಿಂಗೆ ಸಂಜೆ ಹೊತ್ತು ಹೇಗೆ ಹೋಗುತ್ತೆ?"

ಆ ಕಡೆ ಸದ್ದಿಲ್ಲ. ನನಗೇ ತಡೆಯಲಾಗಲಿಲ್ಲ, ಭಾವ ಮಾತ್ರ ತುಟಿ ಬಿಚ್ಚಲಿಲ್ಲ.

"ಹೋಗಲ್ಲಪ್ಪ" ಎಂದಳು ಕೊನೆಗೆ. "ರೂಮಿಗೆ ಬರೋಕೆ ಮನಸ್ಸಾಗಲ್ಲ. ಆಫೀಸಲ್ಲೇ ಕೂತಿರ್ತೀನಿ."

"ಅಷ್ಟೊತ್ತು ಜೊತೆಗೆ ಯಾರಿರ್ತಾರೆ?"

"ಯಾರೂ ಇರಲ್ಲ" ಎಂದವಳು ಅಲ್ಲಿಂದ ಮಾತಾಡುತ್ತಲೇ ಹೋದಳು. ನಡುವೆ ಅತ್ತಳು, ಅಳುತ್ತಲೇ ಮಾತಾಡಿದಳು. ನನ್ನ ಸೊಪ್ಪು ಅಲ್ಲೇ ಉಳಿಯಿತು.

"ನಾಳೆನೂ ಮಾಡ್ಲಾ ಅಪ್ಪ?"

"ಹೂಂ" ಎಂದರು ಭಾವ. ನಾನು ಕಣ್ಣು ದೊಡ್ಡದು ಮಾಡಿ ನೋಡಿದೆ.

"ಏಳಕ್ಕೆ ಮಾಡು, ಅಂಗಡಿ ಮುಚ್ಚಿರ್ತೀನಿ. ಆಫೀಸಿಂದ ಹೊರಡು, ರೂಮ್ ತಲುಪೋವರೆಗೂ ಮಾತಾಡ್ತಾ ಬರೋಣ."