ಮೊದಲು ಮಳೆಯೋ ಮೋಡವೋ

ನಾನು ಹೊಳೆನರಸೀಪುರದಲ್ಲಿ ಮನೆ ಮಾಡಿಕೊಂಡು, ಹಳ್ಳಿಮೈಸೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಚನ್ನರಾಯಪಟ್ಟಣದ ಒಂದು ಸಂಘದವರು ಜಿಲ್ಲೆಯ ಹೈಸ್ಕೂಲು ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ಇಟ್ಟುಕೊಂಡಾಗ, "ಈ ಸಲ ಹೊಸದೇನಾದರೂ ಮಾಡಬೇಕು ಮೇಡಂ" ಎಂದು ಫೋನು ಮಾಡಿದರು. ಹೊಸದು ಎಂದರೆ ಅನುಕ್ರಮ ಸುತ್ತು. ತಂಡದ ನಾಲ್ಕು ಮಕ್ಕಳಿಗೆ ನಾಲ್ಕು ರಟ್ಟು ಕೊಡುವುದು. ಒಂದೊಂದರ ಮೇಲೂ ಒಂದೊಂದು ಘಟನೆಯೋ ಹಂತವೋ ಬರೆದಿರುತ್ತದೆ. ಮಕ್ಕಳು ಅದನ್ನು ಎದೆಗೆ ಹಿಡಿದುಕೊಂಡು ಯಾವುದು ಮೊದಲು ಯಾವುದು ಆಮೇಲೆ ಎಂದು ಸಾಲಾಗಿ ನಿಲ್ಲಬೇಕು. ಸರಿಯಾದ ಜಾಗದಲ್ಲಿ ನಿಂತವರಿಗೆ ಒಂದೊಂದು ಅಂಕ. ಕೇಳುವುದಕ್ಕೆ ಪ್ರಾರ್ಥನೆಗೆ ಸಾಲು ನಿಲ್ಲಿಸಿದಷ್ಟೇ ಸುಲಭ ಅನಿಸಿತು. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು ಎಷ್ಟು ಕಷ್ಟ ಎನ್ನುವುದು ಇಪ್ಪತ್ತೈದು ವರ್ಷದಿಂದ ಗೊತ್ತಿದ್ದೂ ಒಪ್ಪಿಕೊಂಡೆ.

ವಿಜ್ಞಾನದ ಪ್ರಶ್ನೆ ನನ್ನದು, ಚರಿತ್ರೆಯದು ನನಗೆ ಬಹಳ ವರ್ಷದಿಂದ ಪರಿಚಯವಿದ್ದ ಅರಕಲಗೂಡಿನ ಒಬ್ಬ ಮೇಷ್ಟ್ರದು. ಅವರದು ದೇವಸ್ಥಾನದ ಬೀದಿಯ ಮನೆತನ. ಮಾತು ಅಚ್ಚು ಹಾಕಿದ ಹಾಗೆ. ಒಂದು ಅಲ್ಪವಿರಾಮ ಕೂಡ ಬಾಯಲ್ಲಿ ಕೇಳಿಸುತ್ತಿತ್ತು. ಒಂದು ಭಾನುವಾರ ನಮ್ಮ ಮನೆಗೇ ಬಂದು, ಕಾಫಿ ಕುಡಿದು, ಇಬ್ಬರೂ ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ಪರೀಕ್ಷಿಸುವುದೆಂದು ಕುಳಿತೆವು.

ಅವರ ಮೊದಲ ಪ್ರಶ್ನೆ ದೇವಸ್ಥಾನಗಳದು. ದೊಡ್ಡಗದ್ದವಳ್ಳಿ, ಬೇಲೂರು, ಹಳೇಬೀಡು, ಸೋಮನಾಥಪುರ. ಕಾಲಾನುಕ್ರಮದಲ್ಲಿ ಜೋಡಿಸಿ.

"ಯಾವ ಕಾಲ ಮೇಷ್ಟ್ರೇ? ಕಟ್ಟೋಕೆ ಶುರು ಮಾಡಿದ್ದೋ, ಮುಗಿಸಿದ್ದೋ?" ಅಂದೆ.

"ದೇವಸ್ಥಾನದ ಕಾಲ ಅಂದರೆ ದೇವಸ್ಥಾನದ ಕಾಲ."

"ಹಳೇಬೀಡಿನದು ಪೂರ್ತಿ ಮುಗೀಲೇ ಇಲ್ಲ ಅಂತ ನೀವೇ ಹೇಳ್ತೀರಲ್ಲ? ಮುಗಿದ ಲೆಕ್ಕ ಹಿಡಿದರೆ ಅದನ್ನ ಎಲ್ಲಿ ನಿಲ್ಲಿಸೋದು? ಆ ರಟ್ಟು ಹಿಡಿದ ಮಗು ಇನ್ನೂ ಹೊರಗೇ ಕಾಯ್ತಾ ಇರಬೇಕಾಗುತ್ತೆ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಪೆನ್ನು ತೆಗೆದು, 'ಕಟ್ಟಲು ಆರಂಭಿಸಿದ ಕಾಲದ ಪ್ರಕಾರ' ಎಂದು ಸೇರಿಸಿದರು. ಎರಡನೆಯದು ರಾಜವಂಶಗಳದು. ಕದಂಬರು, ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರ. "ಗಂಗರನ್ನು ಬೇಕೆಂದೇ ಬಿಟ್ಟಿದ್ದೇನೆ. ಅವರೂ ಕದಂಬರೂ ಒಂದೇ ಕಾಲದಲ್ಲಿ ಇದ್ದವರು. ಅಕ್ಕಪಕ್ಕ ಇದ್ದವರನ್ನು ಹಿಂದೆ ಮುಂದೆ ನಿಲ್ಲಿಸಬಾರದು" ಅಂದರು. ಅದು ನನಗೆ ಮೆಚ್ಚಿಗೆಯಾಯಿತು.

ಈಗ ಅವರ ಸರದಿ. ನನ್ನ ಪ್ರಶ್ನೆಗಳಲ್ಲಿ ಜಲಚಕ್ರವಿತ್ತು. ನೀರು ಆವಿಯಾಗುವುದು, ಆವಿ ತಣಿದು ಮೋಡವಾಗುವುದು, ಮಳೆ ಸುರಿಯುವುದು, ನೀರು ಹರಿದು ಸಮುದ್ರ ಸೇರುವುದು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಇದರ ಹೆಸರೇ ಚಕ್ರ ಅಲ್ಲವೇ ಮೇಡಂ? ಚಕ್ರಕ್ಕೆ ಮೊದಲು ಯಾವುದು?"

ನಾನು ಪಾಠ ಮಾಡುವಾಗ ಯಾವಾಗಲೂ ಸಮುದ್ರದಿಂದ ಶುರು ಮಾಡುತ್ತೇನೆ. ಪುಸ್ತಕದ ಚಿತ್ರದಲ್ಲಿ ಸಮುದ್ರ ಮೂಲೆಯಲ್ಲಿದೆ ಎನ್ನುವುದು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ. ಆದರೆ ಅದನ್ನು ಅವರೆದುರಿಗೆ ಹೇಳಲಾದೀತೇ? "ಸಮುದ್ರದ ನೀರು ಬಿಸಿಲಿಗೆ ಕಾಯುವಲ್ಲಿಂದ ಆರಂಭಿಸಿ" ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ ಮುಖ ಗಂಟಿಕ್ಕಿಕೊಂಡೆ. ಮೇಷ್ಟ್ರು ಎರಡನೇ ಲೋಟ ಕಾಫಿಯನ್ನು ಬಹಳ ಸಂತೋಷದಿಂದ ಕುಡಿದರು.

ಸ್ಪರ್ಧೆಯ ದಿನ ಚನ್ನರಾಯಪಟ್ಟಣದ ಸಭಾಂಗಣ ತುಂಬಿತ್ತು. ತೀರ್ಪುಗಾರರ ಮೇಜಿನಲ್ಲಿ ನಾನೂ ಮೇಷ್ಟ್ರೂ. ಪ್ರಶ್ನೆ ಓದುವವರು ಸಂಘದ ಅಧ್ಯಕ್ಷರು, ರಿಟೈರಾದ ಹೆಡ್‌ಮಾಸ್ಟರು. ಅವರ ಗಂಟಲಿಗೆ ಮೈಕೇ ಬೇಕಿರಲಿಲ್ಲ. ಹಿಂದಿನ ಸಾಲುಗಳಲ್ಲಿ ಮಕ್ಕಳ ಅಪ್ಪಂದಿರು, ಚಿಕ್ಕಪ್ಪಂದಿರು, ಸುಮ್ಮನೆ ಊಟಕ್ಕೆ ಬಂದವರು.

ಮೊದಲ ತಂಡಕ್ಕೇ ಎಡವಟ್ಟಾಯಿತು. ಬೀಜ ಮೊಳೆಯುವ ಪ್ರಶ್ನೆ. ಬೀಜ ನೀರು ಹೀರುವುದು, ಬೇರು ಬರುವುದು, ಕಾಂಡ ಮೇಲೇಳುವುದು, ಎಲೆ ಬಿಡುವುದು. ಮಕ್ಕಳು ಚಕಚಕ ನಿಂತರು. ನಾವು ಎಡದಿಂದ ಓದಿದರೆ ಎಲೆ ಮೊದಲು, ನೀರು ಕೊನೆಗೆ. "ಸೊನ್ನೆ!" ಎಂದರು ಅಧ್ಯಕ್ಷರು. ತಂಡದ ಒಂದು ಮಗು ಅಳುಮುಖ ಮಾಡಿಕೊಂಡು, "ನಮ್ಮ ಎಡಗಡೆಯಿಂದ ಸರಿಯಾಗೇ ನಿಂತಿದೀವಿ ಮಿಸ್" ಅಂದಿತು. ಹೌದಲ್ಲ! ಅವರು ನಮ್ಮ ಕಡೆ ಮುಖ ಮಾಡಿದ್ದಾರೆ. ಅವರ ಎಡ ನಮ್ಮ ಬಲ. ಪ್ರಶ್ನೆಯ ಒಂದೊಂದು ಅಕ್ಷರಕ್ಕೂ ಜಗಳವಾಡಿದ್ದ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ. ಅಂಕ ಕೊಟ್ಟು, ವೇದಿಕೆಯ ಒಂದು ತುದಿಯಲ್ಲಿ ಸೀಮೆಸುಣ್ಣದಿಂದ 'ಮೊದಲು' ಎಂದು ದಪ್ಪಗೆ ಬರೆಸಿದೆವು.

ಕೊನೆಗೆ ಉಳಿದವು ಎರಡು ತಂಡ. ಹಾಸನದ ಹುಡುಗರು, ಅವರಿಗಿಂತ ಎರಡು ಅಂಕ ಹಿಂದೆ ಬಾಗೂರು ಕಡೆಯ ಹುಡುಗಿಯರು. ಹುಡುಗರಿಗೆ ರಾಜವಂಶ ಬಂತು. ವಿಜಯನಗರದ ರಟ್ಟು ಹಿಡಿದವನು ತಂಡದಲ್ಲಿ ಎಲ್ಲರಿಗಿಂತ ಎತ್ತರ. ಅವನು ಹೋಗಿ ಸೀಮೆಸುಣ್ಣದ ಗುರುತಿನ ಮೇಲೇ ನಿಂತುಬಿಟ್ಟ. ಅವನನ್ನು ಕದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಉಳಿದ ಮೂವರು, ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಸರಿಯಾದ ಕ್ರಮದಲ್ಲೇ ಅವನ ಹಿಂದೆ ನಿಂತರು. ಆದರೆ ಒಬ್ಬ ಮುಂದೆ ಬಂದದ್ದಕ್ಕೆ ಎಲ್ಲರೂ ಒಂದೊಂದು ಜಾಗ ಸರಿದು, ಯಾರೊಬ್ಬರೂ ತಮ್ಮ ಜಾಗದಲ್ಲಿ ಇರಲಿಲ್ಲ. ಸೊನ್ನೆ. ಅವರಿಗೆ ತರಬೇತಿ ಕೊಟ್ಟಿದ್ದ ಸಾರು ಎದ್ದು ನಿಂತರು, ನಿಯಮದ ಹಾಳೆ ನೋಡಿದರು, ಕುಳಿತರು.

ಹುಡುಗಿಯರಿಗೆ ಜಲಚಕ್ರ. ಅಧ್ಯಕ್ಷರು ನಾಲ್ಕು ಹಂತ ಓದಿದರು. "ಸರಿಯಾದ ಕ್ರಮದಲ್ಲಿ ನಿಲ್ಲಿ" ಎಂದು ಚೀಟಿ ಮಡಚಿದರು. ಸಮುದ್ರದಿಂದ ಆರಂಭಿಸಿ ಎನ್ನುವ ಸಾಲು ಎಲ್ಲಿ? ಆಮೇಲೆ ತಿಳಿಯಿತು, ಟೈಪು ಮಾಡಿದ ಅಂಗಡಿಯಾತ ಒಂದೇ ಸೈಜಿನ ಚೀಟಿಯಲ್ಲಿ ಕೂರಲಿ ಎಂದು ಕೊನೆಯ ಸಾಲು ತೆಗೆದುಬಿಟ್ಟಿದ್ದ. ನಾನು ಅರ್ಧ ಏಳುವಷ್ಟರಲ್ಲಿ ಹುಡುಗಿಯರು ನಿಂತೇಬಿಟ್ಟಿದ್ದರು. ಮಳೆ, ಹರಿಯುವುದು, ಆವಿ, ಮೋಡ.

ಅಧ್ಯಕ್ಷರು ಉತ್ತರದ ಹಾಳೆ ನೋಡಿ, "ಸೊನ್ನೆ!" ಅಂದರು.

ಮಳೆಯ ರಟ್ಟಿನ ಹುಡುಗಿ ಜಾಗ ಬಿಟ್ಟು ಅಲ್ಲಾಡಲಿಲ್ಲ. "ಯಾಕೆ ಮಿಸ್? ಮಳೆ ಬಂದ್ಮೇಲೆ ತಾನೇ ನೀರು ಹರಿಯೋದು? ಹರಿದ್ಮೇಲೆ ತಾನೇ ಆವಿ?"

ಹಿಂದಿನ ಸಾಲಿನಿಂದ ಅವಳ ಅಪ್ಪ ಎದ್ದ. "ಸರ್ಯಾಗಿ ಕೇಳವ್ಳೆ ಕಣ್ ಮೇಡಮ್ಮಾರೇ! ಮಳೆ ಬರ್ದೆ ಕೆರೆ ತುಂಬ್ತದಾ?"

ಪಕ್ಕದಲ್ಲೇ ಕೂತಿದ್ದ ಇನ್ನೊಬ್ಬರು ವಯಸ್ಸಾದವರು, ಯಾವ ತಂಡದ ಕಡೆಯವರೋ ತಿಳಿಯದು, ಟವೆಲು ಕೊಡವಿದರು. "ಲೇ, ಮೋಡ ಇಲ್ದೆ ಮಳೆ ಎಲ್ಲಿಂದ ಬತ್ತದ್ಲಾ? ನಿಮ್ಮ ತ್ವಾಟದ ಬೋರಿಂದ ಬತ್ತದಾ?"

"ಮೋಡ ಆಗಕ್ಕೆ ನೀರು ಬ್ಯಾಡ್ವಾ? ನೀರು ಮಳೆಯಿಂದ ಅಲ್ವಾ?"

"ಮಳೆ ಮೋಡದಿಂದ ಅಲ್ವಾ?"

ಒಂದೆರಡು ನಿಮಿಷದಲ್ಲಿ ಹಿಂದಿನ ಸಾಲುಗಳು ಮಳೆಯವರು ಮೋಡದವರು ಎಂದು ಇಬ್ಭಾಗವಾದವು. ಅಧ್ಯಕ್ಷರ ಗಂಟಲೂ ಸಾಲದೆ ಹೋಯಿತು. ಗದ್ದಲದ ನಡುವೆ ನಾನು ನೋಡುತ್ತಿದ್ದ ಹಾಗೇ ಕೊನೆಯಲ್ಲಿದ್ದ ಮೋಡದ ಹುಡುಗಿ ಸುಮ್ಮನೆ ಸುತ್ತು ಹಾಕಿ ಬಂದು ಮಳೆಯ ಹುಡುಗಿಯ ಕೈ ಹಿಡಿದುಕೊಂಡಳು. ಉಳಿದಿಬ್ಬರೂ ತಿರುಗಿ ಕೈ ಕೈ ಹಿಡಿದರು. ನಾಲ್ವರೂ ವೃತ್ತವಾಗಿ ನಿಂತು ನನ್ನ ಮುಖ ನೋಡಿದರು. ಎಲ್ಲಿಂದ ಓದಿಕೊಂಡರೂ ತಪ್ಪಿರಲಿಲ್ಲ.

ನಾನು ಮೇಷ್ಟ್ರ ಕಡೆ ನೋಡಲಿಲ್ಲ. ಅವರ ಮುಖ ಹೇಗಿದೆ ಎನ್ನುವುದು ನೋಡದೆಯೂ ಗೊತ್ತಿತ್ತು. ಮೈಕು ತೆಗೆದುಕೊಂಡು, ಎಲ್ಲಿಂದ ಆರಂಭಿಸಬೇಕೆಂದು ಪ್ರಶ್ನೆಯಲ್ಲಿ ಹೇಳಿಲ್ಲ, ಚಕ್ರದಲ್ಲಿ ಯಾರ ಹಿಂದೆ ಯಾರು ಎನ್ನುವುದಷ್ಟೇ ಮುಖ್ಯ, ಆದ್ದರಿಂದ ಪೂರ್ತಿ ಅಂಕ ಎಂದೆ. ಹುಡುಗಿಯರು ಕುಣಿದರು. ಮಳೆಯ ಪಕ್ಷದವರು ಗೆದ್ದವರಂತೆ ಕುಳಿತರು. ಮೋಡದ ಪಕ್ಷದವರೂ ಗೆದ್ದವರಂತೆಯೇ ಕುಳಿತರು.

ಆಗ ಹಾಸನದ ಸಾರು ಎದ್ದರು. ಈ ಸಲ ಹಾಳೆ ನೋಡಲಿಲ್ಲ. "ಹಾಗಾದರೆ ನಮ್ಮ ಹುಡುಗರಿಗೂ ಕೊಡಿ. ಅವರೂ ಯಾರ ಹಿಂದೆ ಯಾರು ಅನ್ನೋದು ಸರಿಯಾಗೇ ನಿಂತಿದ್ದರು. ಸುತ್ತ ನಿಲ್ಲಿಸಿದರೆ ರಾಷ್ಟ್ರಕೂಟರಾದ ಮೇಲೆ ವಿಜಯನಗರ ಬರುತ್ತೆ."

ಮೇಷ್ಟ್ರು ಕುರ್ಚಿಯಿಂದ ಚಿಮ್ಮಿದರು. "ಏನು ಮಾತು ಅಂತ ಆಡ್ತೀರಿ! ವಿಜಯನಗರ ಆದಮೇಲೆ ಮತ್ತೆ ಕದಂಬರು ಬರುತ್ತಾರೆಯೇ? ಇದು ಚರಿತ್ರೆ, ಮಳೆಯಲ್ಲ!"

"ಚರಿತ್ರೆ ಮರುಕಳಿಸುತ್ತದೆ ಅಂತ ನೀವೇ ತಾನೇ ಸಾರ್ ಪಾಠ ಮಾಡೋದು?"

ಸಭೆ ಹೋ ಎಂದಿತು. ಟವೆಲಿನವರು, "ಅಂಗ್ ಕೇಳು!" ಎಂದು ಚಪ್ಪಾಳೆ ಹೊಡೆದರು. ಅಷ್ಟು ವರ್ಷದಲ್ಲಿ ಮೇಷ್ಟ್ರ ಮಾತು ತಡವರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಉದುರಿಹೋಗಿ, "ಅದು... ಅದು ಬೇರೆ ಅರ್ಥದಲ್ಲಿ..." ಎಂದು ನಿಂತರು.

ನನಗೆ ಪಾಪ ಅನಿಸಿತು, ನಗುವೂ ಬಂತು. ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ: "ಚರಿತ್ರೆ ತಿರುಗಲ್ಲ, ಒಪ್ಪಿದೆ. ಆದರೆ ಆ ಮೂರು ಹುಡುಗರು ಗೊತ್ತಿದ್ದೂ ಸೊನ್ನೆ ತಗೊಂಡ್ರಲ್ಲ? ಜಾಗ ನೋಡೋದು ಬಿಟ್ಟು ಜೋಡಿ ನೋಡೋಣ. ಕದಂಬರ ಹಿಂದೆ ಚಾಲುಕ್ಯರು, ಒಂದು. ಚಾಲುಕ್ಯರ ಹಿಂದೆ ರಾಷ್ಟ್ರಕೂಟರು, ಎರಡು. ವಿಜಯನಗರದ ಹಿಂದೆ ಕದಂಬರು ನಿಂತಿದ್ದಕ್ಕೆ ಏನೂ ಇಲ್ಲ."

ಮೇಷ್ಟ್ರು ಯೋಚಿಸಿ, "ನ್ಯಾಯವಾಗಿದೆ" ಅಂದರು. ಎರಡು ಅಂಕ ಕೊಟ್ಟು ಕೂಡಿದರೆ ಎರಡು ತಂಡವೂ ಸಮ! ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಸಾರಿನ ಒಗ್ಗರಣೆಯ ವಾಸನೆ ಬರತೊಡಗಿತ್ತು. ಅಧ್ಯಕ್ಷರು ಕೈ ಮುಗಿದು, "ಇನ್ನೊಂದೇ ಪ್ರಶ್ನೆ, ಬೇಗ, ಜಗಳ ಆಗದ್ದು" ಅಂದರು.

ಹಸಿದ ಹೊಟ್ಟೆಗೆ ಹೊಟ್ಟೆಯದೇ ಪ್ರಶ್ನೆ ಹೊಳೆಯಿತು. ನುಂಗಿದ ಅನ್ನ ಸಾಗುವ ದಾರಿ. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು. ಇದಕ್ಕೆ ಮೊದಲೂ ಇದೆ, ಕೊನೆಯೂ ಇದೆ. ತಿರುಗುವ ಮಾತೇ ಇಲ್ಲ. ಹೆಮ್ಮೆಯಿಂದ ಮೇಷ್ಟ್ರಿಗೆ ತೋರಿಸಿದೆ.

ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ವಾಂತಿಯಾದರೆ?" ಅಂದರು.

'ಆರೋಗ್ಯವಂತ ಮನುಷ್ಯನಲ್ಲಿ' ಎಂದು ಸೇರಿಸಿದೆ. ಚೀಟಿಯನ್ನು ಅಧ್ಯಕ್ಷರಿಗೆ ಕೊಡದೆ ನಾನೇ ಓದಿದೆ. ಎರಡೂ ತಂಡ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಟ್ಟವು. ಹುಡುಗರು ದೊಡ್ಡ ಕರುಳನ್ನು ಸಣ್ಣದರ ಮುಂದಿಟ್ಟಿದ್ದರು. ದೊಡ್ಡವರು ಮೊದಲು ಎನ್ನುವ ನಂಬಿಕೆ ಆ ತಂಡಕ್ಕೆ ಬಲವಾಗಿತ್ತು. ಹುಡುಗಿಯರದು ಸರಿಯಿತ್ತು. ಬಹುಮಾನದ ಕಪ್ಪು ಬಾಗೂರು ಕಡೆಗೆ ಹೋಯಿತು. ಹಾಸನದ ಸಾರು ಬಂದು ನಮ್ಮಿಬ್ಬರ ಕೈ ಕುಲುಕಿ, ಊಟಕ್ಕೆ ಎಲ್ಲರಿಗಿಂತ ಮೊದಲು ನಡೆದರು.

ಸಂಜೆ ಮೇಷ್ಟ್ರು ಕಾರಿನಲ್ಲಿ ನನ್ನನ್ನು ಹೊಳೆನರಸೀಪುರಕ್ಕೆ ಬಿಟ್ಟು ಅರಕಲಗೂಡಿಗೆ ಹೋಗುವುದೆಂದಾಯಿತು. ಅರ್ಧ ದಾರಿಯವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ನಗು ತಡೆದುಕೊಂಡಿದ್ದೆ.

"ಮರುಕಳಿಸುವುದಿಲ್ಲ ಮೇಡಂ" ಅಂದರು ಇದ್ದಕ್ಕಿದ್ದ ಹಾಗೆ. "ಹೋಲುತ್ತದೆ. ಅಷ್ಟೇ. ಅಲ್ಲಿ ಹಾಗನ್ನಬೇಕಿತ್ತು."

"ಈಗ ಹೊಳೀತಲ್ಲ ಬಿಡಿ."

"ಈಗ ಹೊಳೆದು ಏನು ಪ್ರಯೋಜನ? ಆ ಮನುಷ್ಯ ಹಾಸನ ಸೇರಿ ಮಲಗಿರುತ್ತಾನೆ." ಗೇರು ಬದಲಿಸಿ, ತಮ್ಮಷ್ಟಕ್ಕೆ ತಾವೇ ಎಂಬಂತೆ ಅಂದರು: "ಸೋಮವಾರ ಹತ್ತನೇ ಕ್ಲಾಸಿನಲ್ಲಿ ಮೊದಲು ಇದನ್ನು ತಿದ್ದಬೇಕು. ಆಮೇಲೆ ಒಂಬತ್ತು. ಆಮೇಲೆ ಎಂಟು."

ನನ್ನ ಕೈಯಲ್ಲಿ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಕಾರು ನಿಧಾನ ಮಾಡಿ ನನ್ನ ಕಡೆ ನೋಡಿದರು. ಆಮೇಲೆ ಅವರೂ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು.