ವಿಡಿಯೊ ಕರೆಯಲ್ಲಿ ತಂಗಿಯೊಬ್ಬಳೇ

ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೂ ನಾನು ಜಲನಗರದ ಮನೆಯಲ್ಲಿ ಐದಕ್ಕೇ ಏಳುತ್ತೇನೆ. ತಿಕೋಟಾದಲ್ಲಿ ತಂಗಿ ಬಳೆ ಅಂಗಡಿ ತೆರೆದಾಗ ಕಾಗದಪತ್ರದ ಕೆಲಸ ನನ್ನದೆಂದು ನಾನೇ ತೀರ್ಮಾನಿಸಿಬಿಟ್ಟೆ.

ಅವಸರವೂ ಇತ್ತು. ಹೊನವಾಡದಿಂದ ಮದುವೆ ಬಳೆಗೆ ಬಂದವರು ಅರ್ಧ ತಾಸು ಆರಿಸಿ, "ಸ್ಕ್ಯಾನರ್ ಇಲ್ಲೇನ್ರಿ?" ಎಂದು ಕೇಳಿ, ಎದುರಿನ ಅಂಗಡಿಗೆ ಹೋಗಿದ್ದರು. ಮದುವೆ ದಿನಗಳು ಮುಗಿದರೆ ತಂದ ಮಾಲು ಹಾಗೇ ಉಳಿಯುತ್ತಿತ್ತು. ಗಿರಾಕಿಗಳು ಫೋನಿನಿಂದ ಹಣ ಕಟ್ಟುವ ಸ್ಕ್ಯಾನರ್ ಕೊಡುವ ಕಂಪನಿಗೆ ತಂಗಿಯ ಹೆಸರಿನಲ್ಲಿ ಅರ್ಜಿ ಹಾಕಿದೆ.

ಪಾನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಮೂರರಲ್ಲೂ ಹೆಸರು ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿದೆ. ಆಧಾರ್‌ನ ಒಟಿಪಿ ಅವಳ ಫೋನಿಗೇ ಬಂತು. ಬ್ಯಾಂಕ್ ಖಾತೆ ಅವಳದೇ ಎಂದು ಖಚಿತಪಡಿಸಿಕೊಳ್ಳಲು ಕಂಪನಿಯವರು ಒಂದು ರೂಪಾಯಿ ಹಾಕಿದರು. ಬೋರ್ಡು ಕಾಣುವಂತೆ ಅಂಗಡಿಯ ಫೋಟೊ ಕಳಿಸಿದೆವು. ಉಳಿದದ್ದು ವಿಡಿಯೊ ಕರೆ.

ಫೋನಿನಲ್ಲಿ ಕಾಣದಂತೆ ಕೌಂಟರಿನ ಪಕ್ಕ ನಿಂತೆ. ಅಧಿಕಾರಿ ಪಾನ್ ಕಾರ್ಡಿನ ಅಸಲು ತೋರಿಸಲು ಹೇಳಿದರು. ತೋರಿಸಿದಳು. ಮುಖ ಎಡಕ್ಕೆ ತಿರುಗಿಸಲು ಹೇಳಿದರು. ತಿರುಗಿಸಿದಳು.

"ಅಂಗಡಿಯಲ್ಲಿ ಏನು ಮಾರುತ್ತೀರಿ?"

ದಿನಾ ಅದನ್ನೇ ಮಾರುವ ತಂಗಿ ಹಿಂದಿನ ಬಳೆಗಳ ಕಡೆ ತಿರುಗಿ ನೋಡತೊಡಗಿದಳು. ನನಗೆ ತಡೆಯಲಾಗಲಿಲ್ಲ. "ಬಳಿ, ಬ್ಲೌಸ್ ಪೀಸ್ ಅನ್ನ," ಎಂದು ಪಿಸುಗುಟ್ಟಿದೆ.

"ಪಕ್ಕದಲ್ಲಿ ಯಾರೋ ಹೇಳಿಕೊಡುತ್ತಿದ್ದಾರೆ. ಹಾಗಾದರೆ ನಾವು ಮುಂದುವರಿಯುವಂತಿಲ್ಲ ಮೇಡಂ. ಈ ಅರ್ಜಿ ತಿರಸ್ಕಾರ ಆಗುತ್ತದೆ."

ಕರೆ ಕಟ್ಟಾಯಿತು. ತಂಗಿ ನನ್ನ ಕಡೆ ನೋಡಿದಳು. "ಯಕ್ಕಾ, ನೀ ಪೇಷೆಂಟಿಗೂ ಹಿಂಗ ಉತ್ತರಾ ಹೇಳಿಕೊಡ್ತಿದ್ದೇನ?"

ನಗು ಬರಲಿಲ್ಲ. ಬೇರೆಯವಳ ಖಾತೆಯನ್ನು ನಾನು ನಡೆಸುತ್ತಿದ್ದೇನೆಂದೇ ಅವರು ತಿಳಿದಿರಬೇಕು. ಅವಳ ಹೆಸರಿನ ಮುಂದೆ ಶಾಶ್ವತ ಕೆಂಪು ಗೆರೆ ಬಿದ್ದಿದ್ದರೆ? ಅವತ್ತು ಮನೆಗೆ ಬಂದು ಊಟ ಬಡಿಸಿಕೊಂಡೆ, ತಿನ್ನಲಿಲ್ಲ. ಕಂಪನಿಯ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿ ಕೇಳಿದೆ. ಹೊಸದಾಗಿ ಅರ್ಜಿ ಹಾಕಬಹುದು, ಆದರೆ ಕರೆಯಲ್ಲಿ ಅಂಗಡಿಯವರೇ ಮಾತಾಡಬೇಕು ಎಂದರು.

ಮರುದಿನ ಹೊಸ ಅರ್ಜಿಯ ವಿಡಿಯೊ ಕರೆಗೆ ಮುಂಚೆ ತಂಗಿ ಶಟರ್ ಅರ್ಧ ಇಳಿಸಿದಳು. "ನೀ ಹೋಗಿ ಬಸ್ ಸ್ಟ್ಯಾಂಡಿನ್ಯಾಗ ಕುಂಡ್ರ. ನಾ ಕರಿಯೋತನಾ ಬರಬ್ಯಾಡ."

ಕುಳಿತೆ. ಬಬಲೇಶ್ವರದ ಬಸ್ಸೊಂದು ಬಂದು ಹೋಯಿತು. ಹನ್ನೊಂದು ನಿಮಿಷ. ಉತ್ತರ ನೆನಪಾಗದೆ ನಿಂತಳೋ, ನೆಟ್‌ವರ್ಕ್ ಹೋಯಿತೋ. ಎರಡು ಸಲ ಎದ್ದೆ, ಎರಡು ಸಲ ಕುಳಿತೆ.

ಶಟರ್ ಮೇಲೇರಿತು. ಓಡಿದೆ.

"ಏನ್ ಕೇಳಿದ್ರು? ಏನಂದಿ?"

"ಕೇಳಿದ್ದಕ್ಕೆಲ್ಲಾ ಹೇಳೇನಿ. ಈಗ ಕಂಪನ್ಯಾಗ ಇನ್ನೊಬ್ಬರು ಪರೀಕ್ಷೆ ಮಾಡ್ತಾರಂತ, ಆಮ್ಯಾಲೆ ಚಾಲೂ."

"ಆದ್ರ ಏನೇನ್ ಹೇಳಿದಿ?"

"ಅದನ್ನ ತಗೊಂಡು ನೀ ಏನ್ ಮಾಡ್ತಿ ಯಕ್ಕಾ? ಅಂಗಡಿ ನಂದು."

ಇಡೀ ದಿನ ಕಾಯ್ದೆವು. ಮಾರನೆಯ ದಿನ ಬೆಳಿಗ್ಗೆ ಸ್ಕ್ಯಾನರ್ ಖಾತೆ ಚಾಲೂ ಆಯಿತೆಂಬ ಸಂದೇಶ ಅವಳ ಫೋನಿಗೆ ಬಂತಂತೆ. ಅದನ್ನು ನನಗೆ ಮಧ್ಯಾಹ್ನ ಹೇಳಿದಳು. ಗಿರಾಕಿಗಳಿದ್ದರಂತೆ.